ಮಧ್ಯದಲ್ಲೇ ಪಾಲಿಸಿ ನಿಲ್ಲಿಸಿದ್ರೆ ಎಷ್ಟು ದುಡ್ಡು ವಾಪಸ್ ಬರುತ್ತೆ?

ಚನ್ನರಾಯಪಟ್ಟಣದ ಹತ್ತಿರ ಹಸು ಸಾಕುವ ಗೆಳೆಯನೊಬ್ಬ ಕಳೆದ ವಾರ ಫೋನ್ ಮಾಡಿದ್ದ. ಡೇರಿ ಸಹಕಾರ ಸಂಘದ ಮೂಲಕ ಯಶಸ್ವಿನಿ ಯೋಜನೆಗೆ ಸೇರಿದ್ದಾನೆ. "ಜೂನ್‌ನಲ್ಲಿ ಕಟ್ಟಿದ ಹೆಲ್ತ್ ಪಾಲಿಸಿ ಇನ್ಯಾಕೆ ಮಾರಾಯ, ಕ್ಯಾನ್ಸಲ್ ಮಾಡ್ಲಾ?" ಅಂತ ಕೇಳಿದ. ಉತ್ತರ ಹೇಳೋಕೆ ಮುಂಚೆ ಲೆಕ್ಕ ನೋಡೋಣ.

ಕೈಯಲ್ಲೇ ಲೆಕ್ಕ ಹಾಕೋಕೆ ಸುಲಭವಾಗಲಿ ಅಂತ ವರ್ಷದ ಪ್ರೀಮಿಯಂ 18,250 ರೂಪಾಯಿ ಅಂದುಕೊಳ್ಳಿ. ಅಂದ್ರೆ ದಿನಕ್ಕೆ 50 ರೂಪಾಯಿ. ಜೂನ್ 1ಕ್ಕೆ ಶುರುವಾದ ಪಾಲಿಸಿಯನ್ನು ಸೆಪ್ಟೆಂಬರ್ 8ಕ್ಕೆ ನಿಲ್ಲಿಸಿದ್ರೆ 100 ದಿನ ಬಳಸಿದ ಹಾಗೆ. ಬಳಸಿದ್ದು 5,000, ವಾಪಸ್ ಬರಬೇಕಾದ್ದು 13,250. ಇದು ದಿನದ ಲೆಕ್ಕ.

ಮೊದಲೆಲ್ಲ ಹೆಲ್ತ್ ಪಾಲಿಸಿಗಳಲ್ಲಿ ಶಾರ್ಟ್ ಪೀರಿಯಡ್ ಸ್ಕೇಲ್ ಅನ್ನೋ ಪಟ್ಟಿ ಇರ್ತಿತ್ತು. ಸಾಮಾನ್ಯವಾಗಿ ಒಂದು ತಿಂಗಳೊಳಗೆ ನಿಲ್ಲಿಸಿದ್ರೆ 75%, ಮೂರು ತಿಂಗಳೊಳಗೆ 50%, ಆರು ತಿಂಗಳೊಳಗೆ 25% ವಾಪಸ್, ಆಮೇಲೆ ಏನೂ ಇಲ್ಲ. ಈ ಪಟ್ಟಿಯಲ್ಲಿ ಗೆಳೆಯನಿಗೆ ಸಿಗೋದು 4,562.50 ಮಾತ್ರ. ಆಗಸ್ಟ್ 31ಕ್ಕೆ ನಿಲ್ಲಿಸಿದ್ರೆ 9,125 ಸಿಗ್ತಿತ್ತು, ಒಂದು ದಿನ ತಡವಾದ್ರೆ ಅರ್ಧಕ್ಕೆ ಇಳೀತಿತ್ತು.

ಯಾಕೆ ಹೀಗೆ? ಏಜೆಂಟ್ ಕಮಿಷನ್, ತಪಾಸಣೆ, ಕಾಗದಪತ್ರದ ಖರ್ಚು ಮೊದಲ ದಿನವೇ ಆಗುತ್ತೆ. ಜೊತೆಗೆ, ಕಾಯಿಲೆ ಜಾಸ್ತಿ ಇರೋ ತಿಂಗಳಿಗೆ ಮಾತ್ರ ಪಾಲಿಸಿ ಮಾಡಿ ಆಮೇಲೆ ಕೈಬಿಡೋರನ್ನು ತಡೆಯೋಕೂ ಇದು.

ಈಗ ನಿಯಮ ಬದಲಾಗಿದೆ. ವಿಮಾ ನಿಯಂತ್ರಕ ಐಆರ್‌ಡಿಎಐ 2024ರ ಮೇನಲ್ಲಿ ಹೊರಡಿಸಿದ ಮಾಸ್ಟರ್ ಸರ್ಕ್ಯುಲರ್ ಪ್ರಕಾರ, ಒಂದು ವರ್ಷದ ವೈಯಕ್ತಿಕ ಹೆಲ್ತ್ ಪಾಲಿಸಿಯನ್ನು 7 ದಿನದ ಲಿಖಿತ ನೋಟಿಸ್ ಕೊಟ್ಟು ನಿಲ್ಲಿಸಬಹುದು. ಕ್ಲೇಮ್ ಮಾಡಿಲ್ಲದಿದ್ರೆ ಉಳಿದ ದಿನಗಳ ಲೆಕ್ಕದಲ್ಲಿ ಹಣ ಬರಬೇಕು. ಕ್ಲೇಮ್ ಆಗಿದ್ರೆ ಈ ರೀಫಂಡ್ ಇಲ್ಲ. ಸಂಘ, ಕಂಪನಿ ಹೆಸರಿನ ಗುಂಪು ಪಾಲಿಸಿಗೆ ಷರತ್ತು ಬೇರೆ ಇರಬಹುದು, 'ಕ್ಯಾನ್ಸಲೇಶನ್' ಪುಟ ಓದಿ.

ಬಂದ ಹಣವನ್ನು ಉಳಿದ ದಿನಗಳಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ ಅದು 50ರ ಹತ್ತಿರ ಇರಬೇಕು. 17 ಬಂದ್ರೆ ಹಳೇ ಪಟ್ಟಿ ಹಾಕಿದ್ದಾರೆ ಅಂತ ಅರ್ಥ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ.

ಗೆಳೆಯನಿಗೆ ನಾನು ಹೇಳಿದ್ದು: ನಿಲ್ಲಿಸಬೇಡ. ಯಶಸ್ವಿನಿ ಅದರ ಪಟ್ಟಿಯಲ್ಲಿರೋ ಆಸ್ಪತ್ರೆ, ಚಿಕಿತ್ಸೆಗಳಿಗೆ ಮಾತ್ರ. ಅವರಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಪಾಲಿಸಿ ನಿಲ್ಲಿಸಿದ್ರೆ ಹಳೇ ಕಾಯಿಲೆಗೆ ಕಾಯ್ದ ತಿಂಗಳುಗಳು ಹೋಗ್ತವೆ, ಮತ್ತೆ ಮೊದಲಿಂದ ಕಾಯಬೇಕು. ಆ ನಷ್ಟ ಯಾವ ರೀಫಂಡ್ ಲೆಕ್ಕದಲ್ಲೂ ಕಾಣಲ್ಲ.