ವ್ಯಾಪಾರದ ಫೇಸ್‌ಬುಕ್ ಪುಟ ಕೈತಪ್ಪಿದಾಗ: ಒಡೆತನ ಮರಳಿ ಪಡೆಯುವ ಕ್ರಮ

2024ರ ದಸರೆಗೆ ಇನ್ನು ಹದಿನೈದು ದಿನಗಳಿರುವಾಗ, ಇಳಕಲ್ ಸೀರೆಗಳ ವ್ಯಾಪಾರ ಮಾಡುವ ನನ್ನ ಕಕ್ಷಿದಾರರೊಬ್ಬರು ಕಚೇರಿಗೆ ಬಂದು ಮೊಬೈಲನ್ನು ಮೇಜಿನ ಮೇಲಿಟ್ಟರು. “ಸರ, ನಮ್ಮ ಪೇಜು ನನ್ನ ಮೊಬೈಲಿನ್ಯಾಗ ಕಾಣವಲ್ದು. ಮಗಳ ಮೊಬೈಲಿನ್ಯಾಗ ಐತಿ, ಆದ್ರ ಅದರಾಗ ಫೋನ್ ನಂಬರ್ ನಮ್ದಲ್ಲ” ಎಂದರು. 2016ರಿಂದ ಬೆಳೆಸಿಕೊಂಡು ಬಂದಿದ್ದ ಪುಟ ಅದು. ಹಬ್ಬದ ಬೇಡಿಕೆಯ ಅರ್ಧದಷ್ಟು ಆ ಪುಟದ ಮೂಲಕವೇ ಬರುತ್ತಿತ್ತು. ಆ ವಾರದಲ್ಲಿ ವಿಜಯಪುರದ ಗ್ರಾಹಕರೊಬ್ಬರು ಪುಟದಲ್ಲಿದ್ದ ಹೊಸ ಸಂಖ್ಯೆಗೆ ರೂ. 18,000 ಮುಂಗಡ ಕಳುಹಿಸಿ, ಸೀರೆ ಬಾರದೆ ಅಂಗಡಿಗೆ ದೂರು ಸಲ್ಲಿಸಿದ್ದರು.

ಈ ಪ್ರಕರಣವನ್ನು ವಿವರವಾಗಿ ಬರೆಯಲು ಕಾರಣವಿದೆ. ಪುಟವನ್ನು ಕಸಿದುಕೊಂಡವನು ದೂರದ ಅಪರಿಚಿತನಲ್ಲ. ಪ್ರತಿ ತಿಂಗಳೂ ರೂ. 15,000 ಬಿಲ್ ಪಡೆಯುತ್ತಿದ್ದ ಪ್ರಚಾರ ಸಂಸ್ಥೆಯೇ, ಶುಲ್ಕದ ಬಾಕಿಯ ವಿಷಯದಲ್ಲಿ ಮನಸ್ತಾಪ ಬಂದಾಗ, ಮಾಲೀಕರ ಅಡ್ಮಿನ್ ಪಾತ್ರವನ್ನು ತೆಗೆದುಹಾಕಿತ್ತು. ಆ ಬಿಲ್ಲುಗಳನ್ನು ವರ್ಷ ವರ್ಷವೂ ಪರಿಶೀಲಿಸಿದವನು ನಾನೇ. ಖರ್ಚು ಸರಿಯಾಗಿದೆಯೇ ಎಂದು ನೋಡಿದೆನೇ ಹೊರತು, ಆ ಖರ್ಚಿನಿಂದ ಬೆಳೆದ ಪುಟ ಯಾರ ಹೆಸರಿನಲ್ಲಿದೆ ಎಂದು ಒಮ್ಮೆಯೂ ಕೇಳಲಿಲ್ಲ.

ಅಡ್ಮಿನ್ ಬೇರೆ, ಒಡೆಯ ಬೇರೆ

ಫೇಸ್‌ಬುಕ್ ಪುಟದ ಮೇಲಿನ ಅಧಿಕಾರ ಎರಡು ಸ್ತರಗಳಲ್ಲಿರುತ್ತದೆ. ಮೊದಲನೆಯದು ವ್ಯಕ್ತಿಗೆ ನೀಡುವ ಅಧಿಕಾರ. ಹಿಂದೆ ಅಡ್ಮಿನ್, ಎಡಿಟರ್ ಎಂದಿದ್ದ ಪಾತ್ರಗಳು ಹೊಸ ಮಾದರಿಯ ಪುಟಗಳಲ್ಲಿ ಪೂರ್ಣ ನಿಯಂತ್ರಣ, ಭಾಗಶಃ ನಿಯಂತ್ರಣ ಎಂದಾಗಿವೆ. ಪೂರ್ಣ ನಿಯಂತ್ರಣವುಳ್ಳ ಯಾರೇ ಆಗಲಿ, ಅದೇ ಅಧಿಕಾರವುಳ್ಳ ಇನ್ನೊಬ್ಬರನ್ನು ತೆಗೆದುಹಾಕಬಲ್ಲರು. ಪುಟ ಆರಂಭಿಸಿದವರಿಗೆ ವಿಶೇಷ ರಕ್ಷಣೆ ಏನೂ ಇಲ್ಲ. ಎಲ್ಲ ಪಾಲುದಾರರಿಗೂ ಒಬ್ಬರೇ ಸಹಿ ಹಾಕಿ ಹಣ ತೆಗೆಯುವ ಅಧಿಕಾರ ಕೊಟ್ಟ ಬ್ಯಾಂಕ್ ಖಾತೆಯಂತೆ ಇದು.

ಎರಡನೆಯ ಸ್ತರ ಬಿಸಿನೆಸ್ ಪೋರ್ಟ್‌ಫೋಲಿಯೊ. ಹಿಂದೆ ಇದನ್ನು ಬಿಸಿನೆಸ್ ಮ್ಯಾನೇಜರ್ ಎಂದು ಕರೆಯುತ್ತಿದ್ದರು. ಪುಟ, ಜಾಹೀರಾತು ಖಾತೆ ಮುಂತಾದವುಗಳನ್ನು ಒಂದು ಸಂಸ್ಥೆಯ ಹೆಸರಿನಡಿ ಇರಿಸುವ ಕಪಾಟು ಎಂದು ತಿಳಿಯಬಹುದು. ಒಂದು ಪುಟಕ್ಕೆ ಒಂದು ಕಾಲದಲ್ಲಿ ಒಂದೇ ಪೋರ್ಟ್‌ಫೋಲಿಯೊ ಒಡೆಯನಾಗಿರಲು ಸಾಧ್ಯ. ಉಳಿದವರು ಸಹಭಾಗಿಗಳಾಗಿ ಕೆಲಸ ಮಾಡಬಹುದಷ್ಟೆ. ಪ್ರಚಾರ ಸಂಸ್ಥೆಗೆ ಸಹಭಾಗಿಯ ಅವಕಾಶ ಸಾಕು, ಜಾಹೀರಾತು ಕೊಡಲು ಒಡೆತನ ಬೇಕಾಗಿಲ್ಲ. ನಮ್ಮ ಕಕ್ಷಿದಾರರಿಗೆ 2019ರಲ್ಲಿ ಸದರಿ ಸಂಸ್ಥೆಯಿಂದ ಒಂದು ಕೋರಿಕೆ ಬಂದಿತ್ತು. ಅದು ಕೆಲಸದ ಅವಕಾಶದ ಕೋರಿಕೆಯಲ್ಲ, ಪುಟವನ್ನೇ ತನ್ನ ಪೋರ್ಟ್‌ಫೋಲಿಯೊಗೆ ಸೇರಿಸಿಕೊಳ್ಳುವ ಕೋರಿಕೆ. ಇವರು ಅಂಗಡಿಯ ಗದ್ದಲದಲ್ಲಿ ಒಪ್ಪಿಗೆ ಒತ್ತಿದ್ದರು. ಐದು ವರ್ಷಗಳ ಕಾಲ ಅವರು ತಮ್ಮ ಪುಟದಲ್ಲಿ ಬಾಡಿಗೆದಾರರಂತೆ ಇದ್ದರು. ಅದು ಅವರಿಗೆ ಗೊತ್ತಿರಲಿಲ್ಲ.

ಮೊದಲು ತಿಳಿಯಬೇಕಾದುದು

ಪುಟ ಕಾಣದಾದಾಗ ಏನು ಕಳೆದಿದೆ ಎಂಬುದನ್ನು ಮೊದಲು ನಿರ್ಣಯಿಸಬೇಕು. ತಮ್ಮ ವೈಯಕ್ತಿಕ ಖಾತೆಯೇ ತೆರೆಯದಿದ್ದರೆ, ಅಥವಾ ಅದರ ಇ-ಮೇಲ್, ಗುಪ್ತಪದಗಳು ಬದಲಾಗಿದ್ದರೆ, ಅದು ಖಾತೆಯ ಕಳವು. ಆಗ facebook.com/hacked ವಿಳಾಸಕ್ಕೆ ಹೋಗಿ ಮೊದಲು ಖಾತೆಯನ್ನು ಸರಿಪಡಿಸಿಕೊಳ್ಳಬೇಕು. ಖಾತೆ ಸರಿಯಾಗಿ ತೆರೆಯುತ್ತಿದ್ದು, ಪುಟಗಳ ಪಟ್ಟಿಯಲ್ಲಿ ಪುಟ ಮಾತ್ರ ಇಲ್ಲದಿದ್ದರೆ, ಪುಟ ಅಳಿಸಿಹೋಗಿದೆಯೋ ಅಥವಾ ಪಾತ್ರ ಮಾತ್ರ ಹೋಗಿದೆಯೋ ಎಂಬುದನ್ನು ಬೇರೊಬ್ಬರ ಮೊಬೈಲಿನಲ್ಲಿ ಹುಡುಕಿ ತಿಳಿಯಬಹುದು. ಇಲ್ಲಿ ಮಗಳ ಮೊಬೈಲಿನಲ್ಲಿ ಪುಟ ಕಂಡದ್ದರಿಂದ ಹೋದದ್ದು ಪಾತ್ರ ಎಂದು ಸ್ಪಷ್ಟವಾಯಿತು.

ಮುಂದೆ, ಪುಟದ ಪರಿಚಯ ಭಾಗದಲ್ಲಿರುವ Page transparency ಎಂಬುದನ್ನು ತೆರೆದು ನೋಡಿದೆವು. ಪುಟ ಆರಂಭವಾದ ದಿನಾಂಕ, ಹೆಸರು ಬದಲಾದ ಇತಿಹಾಸ ಹಾಗೂ ಪುಟವನ್ನು ನಿರ್ವಹಿಸುವವರು ಯಾವ ದೇಶದಲ್ಲಿದ್ದಾರೆ ಎಂಬುದು ಯಾರಿಗೂ ಕಾಣುವಂತೆ ಅಲ್ಲಿರುತ್ತದೆ. ವ್ಯಕ್ತಿಗಳ ಹೆಸರು ಇರುವುದಿಲ್ಲ. ಅಪರಿಚಿತ ವಿದೇಶದ ಹೆಸರು ಕಂಡರೆ ಹೊರಗಿನ ಕಳ್ಳನ ಕೈವಾಡವೆಂದು ಶಂಕಿಸಲು ಆಧಾರವಾಗುತ್ತದೆ. ನಮಗೆ ಭಾರತ ಮಾತ್ರ ಕಂಡಿತು, ಹೆಸರೂ ಬದಲಾಗಿರಲಿಲ್ಲ. ಹಾಗಾಗಿ ಪ್ರಚಾರ ಸಂಸ್ಥೆಗೇ ದೂರವಾಣಿ ಮಾಡಿದೆವು. “ಪೇಜ್ ನಮ್ಮ ಪೋರ್ಟ್‌ಫೋಲಿಯೊದಲ್ಲಿದೆ, ಬಾಕಿ ಚುಕ್ತಾ ಮಾಡಿ ಮಾತಾಡಿ” ಎಂಬ ಉತ್ತರ ಬಂತು. ಈ ಎಲ್ಲ ಪರದೆಗಳ ಚಿತ್ರವನ್ನು ದಿನಾಂಕ ಕಾಣುವಂತೆ ಅಂದೇ ತೆಗೆದಿಟ್ಟುಕೊಂಡೆವು. ಪುಟ ಎದುರಾಳಿಯ ಕೈಯಲ್ಲಿರುವಾಗ ಯಾವ ಪುರಾವೆಯೂ ಮರುದಿನ ಇರುತ್ತದೆಂದು ಹೇಳಲಾಗದು.

ಎದುರಾಳಿ ಒಪ್ಪಿದರೆ ಅನುಸರಿಸಬೇಕಾದ ಅನುಕ್ರಮ

ಶುಲ್ಕದ ಜಗಳ ರಾಜಿಯಲ್ಲಿ ಮುಗಿಯುವ ಸಂಭವ ಹೆಚ್ಚು. ಅದನ್ನು ಮೊದಲು ಪ್ರಯತ್ನಿಸುವುದೇ ಲೇಸು. ಆದರೆ ಬಿಟ್ಟುಕೊಡುವ ಕ್ರಮ ತಪ್ಪಿದರೆ ಹೊಸ ತೊಡಕು ಹುಟ್ಟುತ್ತದೆ. ಮೊದಲು ಮಾಲೀಕರ ವೈಯಕ್ತಿಕ ಖಾತೆಗೆ ಪುಟದ ಮೇಲೆ ನೇರವಾಗಿ ಪೂರ್ಣ ನಿಯಂತ್ರಣ ಕೊಡಿಸಬೇಕು. ಅದು ಕೈಗೆ ಬಂದುದನ್ನು ಮಾಲೀಕರು ತಮ್ಮ ಮೊಬೈಲಿನಲ್ಲಿ ತೆರೆದು ಖಚಿತಪಡಿಸಿಕೊಂಡ ಮೇಲೆ, ಸಂಸ್ಥೆಯು ತನ್ನ ಪೋರ್ಟ್‌ಫೋಲಿಯೊದಿಂದ ಪುಟವನ್ನು ತೆಗೆಯಬೇಕು. ನಂತರ ಮಾಲೀಕರು ತಮ್ಮದೇ ಪೋರ್ಟ್‌ಫೋಲಿಯೊಗೆ ಪುಟವನ್ನು ಸೇರಿಸಬೇಕು. ಮೊದಲೇ ಪೋರ್ಟ್‌ಫೋಲಿಯೊದಿಂದ ತೆಗೆದರೆ, ಅದರ ಮೂಲಕವೇ ಅಧಿಕಾರ ಪಡೆದಿದ್ದವರೆಲ್ಲರ ಅಧಿಕಾರವೂ ಹೋಗಿ, ಪುಟ ಯಾರ ಕೈಗೂ ಸಿಗದೆ ಉಳಿಯಬಹುದು. ಬಾಕಿ ಹಣವಿದ್ದರೆ ಈ ಹಂತಗಳಿಗೆ ಹೊಂದಿಸಿ ಪಾವತಿಸುವುದಾಗಿ ಬರೆದುಕೊಳ್ಳುವುದು ಉತ್ತಮ.

ಒಪ್ಪದಿದ್ದರೆ

ನಮ್ಮ ಪ್ರಕರಣದಲ್ಲಿ ಸಂಸ್ಥೆ ಒಪ್ಪಲಿಲ್ಲ. ವಕೀಲರ ನೋಟೀಸು ಕಳುಹಿಸಿ, ಮೆಟಾ ಕಂಪನಿಯ ಬಿಸಿನೆಸ್ ಸಹಾಯ ಕೇಂದ್ರದ ಮೂಲಕ ಪುಟದ ಅಡ್ಮಿನ್ ವಿವಾದವೆಂದು ಮನವಿ ಸಲ್ಲಿಸಿದೆವು. ಅಲ್ಲಿ ಇದನ್ನು Page admin dispute ಎನ್ನುತ್ತಾರೆ. ಪ್ರತಿನಿಧಿಯೊಡನೆ ನೇರವಾಗಿ ಬರೆದು ಮಾತಾಡುವ ಅವಕಾಶ ಎಲ್ಲರಿಗೂ ಕಾಣುವುದಿಲ್ಲ. ಜಾಹೀರಾತು ಖಾತೆ ಬಳಸುತ್ತಿರುವವರಿಗೆ ಸಿಗುವ ಸಂಭವ ಹೆಚ್ಚು.

ಈ ಮನವಿಗೆ ಮಾಲೀಕರ ಸರ್ಕಾರಿ ಗುರುತಿನ ಚೀಟಿ, ವ್ಯಾಪಾರದ ದಾಖಲೆ ಮತ್ತು ಸಹಿ ಮಾಡಿದ ಹೇಳಿಕೆ ಬೇಕಾಗುತ್ತವೆ. ಹೇಳಿಕೆಯೇ ಮುಖ್ಯ. ತಮಗೂ ಪುಟಕ್ಕೂ ಇರುವ ಸಂಬಂಧ, ಮನವಿ ಸಲ್ಲಿಸಲು ತಮಗಿರುವ ಅಧಿಕಾರ, ತೆಗೆಯಬೇಕಾದವರಿಗೂ ತಮಗೂ ಇದ್ದ ಸಂಬಂಧ, ಅದು ಯಾವಾಗ ಮುಗಿಯಿತು, ಯಾರನ್ನು ತೆಗೆದು ಯಾರನ್ನು ಸೇರಿಸಬೇಕು ಎಂಬಿಷ್ಟನ್ನು ಇಂಗ್ಲಿಷಿನಲ್ಲಿ ಸರಳವಾಗಿ ಬರೆದು, ಹೇಳಿರುವುದೆಲ್ಲ ಸತ್ಯವೆಂದು ಘೋಷಿಸಬೇಕು. ನಾವು ನೋಟರಿಯವರ ಮುಂದೆ ಸಹಿ ಮಾಡಿಸಿದೆವು. ಸಂಸ್ಥೆಯ ಮೇಲಿನ ಕೋಪವನ್ನು ನಾಲ್ಕು ಪುಟ ಬರೆದುಕೊಂಡು ಬಂದಿದ್ದ ಕಕ್ಷಿದಾರರಿಗೆ, ಒಂದು ಪುಟದಲ್ಲಿ ಮುಗಿಸಿರೆಂದು ಹೇಳಬೇಕಾಯಿತು.

ಮೊದಲ ಮನವಿ ತಿರಸ್ಕೃತವಾಯಿತು. ಕಾರಣ ನಮ್ಮ ದಾಖಲೆಯಲ್ಲೇ ಇತ್ತು. ಏಕಮಾಲೀಕತ್ವದ ವ್ಯಾಪಾರಕ್ಕೆ ಜಿ.ಎಸ್.ಟಿ. ನೋಂದಣಿ ಪ್ರಮಾಣಪತ್ರದಲ್ಲಿ ಕಾನೂನು ಹೆಸರೆಂದರೆ ಮಾಲೀಕರ ಪ್ಯಾನ್ ಹೆಸರು. ಅಂಗಡಿಯ ಹೆಸರು ವ್ಯಾಪಾರ ಹೆಸರಾಗಿ ಪ್ರತ್ಯೇಕವಾಗಿ ಬರುತ್ತದೆ. ಪುಟದ ಹೆಸರು ಎರಡಕ್ಕೂ ಹೊಂದುತ್ತಿರಲಿಲ್ಲ, ಏಕೆಂದರೆ ಅಂಗಡಿಯ ಹೆಸರಿನ ಮುಂದೆ “ಕಲೆಕ್ಷನ್ಸ್” ಎಂದು ಯಾರೋ ಸೇರಿಸಿದ್ದರು. ಎರಡನೆಯ ಬಾರಿ ಪಾಲಿಕೆಯ ವ್ಯಾಪಾರ ಪರವಾನಗಿ, ಎರಡೂ ಹೆಸರುಗಳು ಅಚ್ಚಾದ ಬಿಲ್ ಪುಸ್ತಕದ ಹಾಳೆ, ಅಂಗಡಿಯ ನಾಮಫಲಕದ ಚಿತ್ರ ಹಾಗೂ ಈ ವ್ಯತ್ಯಾಸವನ್ನು ವಿವರಿಸುವ ಎರಡು ವಾಕ್ಯಗಳನ್ನು ಸೇರಿಸಿದೆವು.

ಇಲ್ಲಿ ಲೆಕ್ಕಪತ್ರ ಕೈಹಿಡಿಯಿತು. 2016ರಿಂದ 2019ರವರೆಗೆ ಜಾಹೀರಾತಿನ ಹಣ ಮಾಲೀಕರ ಕಾರ್ಡಿನಿಂದಲೇ ಹೋಗಿತ್ತು, ರಸೀದಿಗಳು ಅವರ ಹೆಸರಿನಲ್ಲಿದ್ದವು. ಅಂದರೆ ಸಂಸ್ಥೆ ಬರುವ ಮೊದಲೇ ಪುಟವನ್ನು ಅವರು ನಡೆಸುತ್ತಿದ್ದರು. 2019ರ ನಂತರ ಸಂಸ್ಥೆ ತನ್ನ ಜಾಹೀರಾತು ಖಾತೆಯನ್ನೇ ಬಳಸಿದ್ದರಿಂದ ಮೆಟಾದ ಇನ್‌ವಾಯ್ಸುಗಳು ಸಂಸ್ಥೆಯ ಹೆಸರಿಗೆ ಬಂದಿದ್ದವು. ಆದರೆ ಸಂಸ್ಥೆ ನಮಗೆ ಕೊಟ್ಟ ಪ್ರತಿ ಬಿಲ್ಲಿನಲ್ಲೂ “ತಮ್ಮ ಪುಟದ ನಿರ್ವಹಣಾ ಶುಲ್ಕ” ಎಂಬ ಒಕ್ಕಣೆ ಇತ್ತು, ಅದರ ಮೇಲೆ ಟಿ.ಡಿ.ಎಸ್. ಕಡಿತವಾಗಿತ್ತು. ನಿರ್ವಹಣೆಗೆ ಶುಲ್ಕ ಪಡೆದವನು ತಾನೇ ಒಡೆಯನೆಂದು ವಾದಿಸುವುದು ಕಷ್ಟ. ಎರಡನೆಯ ಮನವಿಯ ಮೂರನೆಯ ವಾರದಲ್ಲಿ ಮಾಲೀಕರಿಗೆ ಪೂರ್ಣ ನಿಯಂತ್ರಣ ಮರಳಿತು. ಅಷ್ಟರಲ್ಲಿ ದಸರೆ, ದೀಪಾವಳಿ ಎರಡೂ ಮುಗಿದಿದ್ದವು.

ಕಾನೂನಿನ ದಾರಿ ಮತ್ತು ಅದರ ಮಿತಿ

ಗ್ರಾಹಕರ ಹಣ ಅನ್ಯರ ಸಂಖ್ಯೆಗೆ ಹೋದ ಕ್ಷಣದಿಂದ ಇದು ಬರಿಯ ಶುಲ್ಕದ ಜಗಳವಲ್ಲ. ಗಣಕದ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸುವುದು 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಡಿ ಕಲಮಿನ ಅಪರಾಧ. ವಿಜಯಪುರದ ಗ್ರಾಹಕರಿಗೆ ತಕ್ಷಣ 1930ಕ್ಕೆ ಕರೆ ಮಾಡಿ, cybercrime.gov.in ತಾಣದಲ್ಲಿ ದೂರು ದಾಖಲಿಸಲು ಹೇಳಿದೆವು. ಹಣ ಕಳೆದುಕೊಂಡವರು ಅವರಾದ್ದರಿಂದ ಆ ದೂರನ್ನು ಅವರೇ ಕೊಡಬೇಕು. ಅಂಗಡಿಯ ಪರವಾಗಿ ಜಿಲ್ಲೆಯ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲಿ ಪ್ರತ್ಯೇಕ ದೂರು ಕೊಟ್ಟು, ಸ್ವೀಕೃತಿಯನ್ನು ಮೆಟಾಕ್ಕೆ ಕಳುಹಿಸಿದ ಮನವಿಗೆ ಲಗತ್ತಿಸಿದೆವು. ಹಣದ ವಂಚನೆ ಇಲ್ಲದೆ ಬರಿಯ ಪಾತ್ರ ತೆಗೆದದ್ದಷ್ಟೇ ಆಗಿದ್ದರೆ, ಠಾಣೆಯಲ್ಲಿ ಇದನ್ನು ಸಿವಿಲ್ ವ್ಯಾಜ್ಯವೆಂದು ಹೇಳುವ ಸಾಧ್ಯತೆ ಇದೆ.

ಮೆಟಾ ಉತ್ತರ ಕೊಡದಿದ್ದರೆ, ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ, 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಡಿ ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬಹುದು. ಅವರು 24 ಗಂಟೆಗಳಲ್ಲಿ ಸ್ವೀಕೃತಿ ನೀಡತಕ್ಕದ್ದು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ, ಅದು ತಲುಪಿದ 30 ದಿನಗಳೊಳಗೆ, 2023ರಲ್ಲಿ ರಚನೆಯಾದ ಕುಂದುಕೊರತೆ ಮೇಲ್ಮನವಿ ಸಮಿತಿಗೆ gac.gov.in ತಾಣದ ಮೂಲಕ ಮೇಲ್ಮನವಿ ಸಲ್ಲಿಸಬಹುದು. ವಕೀಲರ ಅಗತ್ಯವಿಲ್ಲ.

ನೋಂದಾಯಿತ ಟ್ರೇಡ್‌ಮಾರ್ಕ್ ಇದ್ದವರು ಅದರ ಉಲ್ಲಂಘನೆಯ ದೂರನ್ನೂ ಕೊಡಬಹುದು. ಆದರೆ ಅದರಿಂದ ಪುಟ ಅಥವಾ ಅದರಲ್ಲಿನ ವಿಷಯ ಅಳಿಯಬಹುದೇ ಹೊರತು ತಮ್ಮ ಕೈಗೆ ಬರುವುದಿಲ್ಲ. ಎಂಟು ವರ್ಷ ಕೂಡಿಸಿದ ಗ್ರಾಹಕರ ಬಳಗ ಬೇಕೆನ್ನುವವರು ಆ ದಾರಿಯನ್ನು ಕೊನೆಗೆ ಇಟ್ಟುಕೊಳ್ಳಬೇಕು. ಇನ್ನು, “ಮೆಟಾ ಸಪೋರ್ಟ್” ಎಂಬ ಹೆಸರಿನಲ್ಲಿ ಸಂದೇಶ ಕಳುಹಿಸಿ, ಹಣ ಅಥವಾ ಒ.ಟಿ.ಪಿ. ಕೊಟ್ಟರೆ ಪುಟ ಬಿಡಿಸಿಕೊಡುತ್ತೇವೆನ್ನುವವರು ಈ ಸಂಕಟದ ಸಮಯದಲ್ಲೇ ಬರುತ್ತಾರೆ. ನಮ್ಮ ಕಕ್ಷಿದಾರರಿಗೂ ಇಬ್ಬರು ಬಂದಿದ್ದರು.

ಮರಳಿ ಬಂದ ದಿನ

ಅಧಿಕಾರ ಬಂದ ಗಂಟೆಯಲ್ಲೇ ಫೋನ್ ಸಂಖ್ಯೆ ಮತ್ತು ಪಾವತಿ ವಿವರ ಸರಿಪಡಿಸಿ, ಅಧಿಕಾರವುಳ್ಳವರ ಪಟ್ಟಿ ತೆರೆದು ಅಪರಿಚಿತರೆಲ್ಲರನ್ನೂ ತೆಗೆದೆವು. ಬಳಿಕ ಅಂಗಡಿಯ ಹೆಸರಿನಲ್ಲಿ ಪೋರ್ಟ್‌ಫೋಲಿಯೊ ತೆರೆದು ಪುಟವನ್ನು ಅದಕ್ಕೆ ಸೇರಿಸಿ, ಮಾಲೀಕರು ಹಾಗೂ ಮಗಳು ಇಬ್ಬರಿಗೂ ಪೂರ್ಣ ನಿಯಂತ್ರಣ ಕೊಟ್ಟು, ಇಬ್ಬರ ಖಾತೆಗೂ ಎರಡು ಹಂತದ ದೃಢೀಕರಣ ಅಳವಡಿಸಿದೆವು. ಒಬ್ಬರೇ ಇದ್ದರೆ, ಅವರ ಖಾತೆ ಮುಚ್ಚಿಹೋದ ದಿನ ಪುಟವೂ ಮುಚ್ಚಿದಂತೆಯೇ. ಜಾಹೀರಾತು ಖಾತೆಯನ್ನು ಅಂಗಡಿಯ ಜಿ.ಎಸ್.ಟಿ. ಸಂಖ್ಯೆಯೊಂದಿಗೆ ಹೊಸದಾಗಿ ತೆರೆಯಲಾಯಿತು; ಈಗ ಇನ್‌ವಾಯ್ಸುಗಳು ನೇರವಾಗಿ ಅಂಗಡಿಯ ಹೆಸರಿಗೆ ಬರುತ್ತಿವೆ.

ವಿಜಯಪುರದ ಗ್ರಾಹಕರ ರೂ. 18,000 ಇನ್ನೂ ವಸೂಲಾಗಿಲ್ಲ. ಮಾಲೀಕರು ಅವರಿಗೆ ಸೀರೆಯನ್ನು ಕಳುಹಿಸಿಕೊಟ್ಟರು. ಆ ವರ್ಷದ ಲೆಕ್ಕದಲ್ಲಿ ಅದನ್ನು ಯಾವ ಶೀರ್ಷಿಕೆಯಡಿ ಬರೆಯಬೇಕೆಂದು ಕೇಳಿದಾಗ, ಜಾಹೀರಾತು ವೆಚ್ಚದಲ್ಲಿ ಬೇಡ, ವ್ಯಾಪಾರ ನಷ್ಟದಲ್ಲಿ ಬರೆಯಿರಿ ಎಂದೆ. ಆ ವರ್ಷದಿಂದ ಮಾರ್ಚ್ 31ಕ್ಕೆ ದಾಸ್ತಾನು ಪಟ್ಟಿ ಕೇಳುವಾಗ, ಪುಟದ ಅಧಿಕಾರವುಳ್ಳವರ ಪಟ್ಟಿಯ ಪರದೆಚಿತ್ರವನ್ನೂ ಕಕ್ಷಿದಾರರಿಂದ ಪಡೆದು ಕಡತಕ್ಕೆ ಸೇರಿಸುತ್ತಿದ್ದೇನೆ.