250 ಪದಗಳಲ್ಲಿ ಒಂದು ವಾರ್ಡಿನ ಕೆಲಸ

ಪ್ರಶ್ನೆ: ನಾನು ಸರ್ಕಾರಿ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನಲ್ಲಿ ನರ್ಸಿಂಗ್ ಆಫೀಸರ್. ಕ್ಯಾನುಲಾ ಹಾಕಿದ ಜಾಗ ಕೆಂಪಾಗಿ ಊದಿಕೊಳ್ಳುವುದು ನಮ್ಮಲ್ಲಿ ಜಾಸ್ತಿ ಎನಿಸಿ ಎರಡು ತಿಂಗಳು ರಿಜಿಸ್ಟರ್ ಇಟ್ಟೆವು. 120 ಕ್ಯಾನುಲಾಗಳಲ್ಲಿ 31ಕ್ಕೆ ಫ್ಲೆಬೈಟಿಸ್ ಆಗಿತ್ತು. ಆಮೇಲೆ ಮೂರು ಬದಲಾವಣೆ ಮಾಡಿಕೊಂಡೆವು: ಹಾಕಿದ ದಿನ, ಹೊತ್ತು ಬರೆದ ಚೀಟಿ ಅಂಟಿಸುವುದು, ಪ್ರತಿ ಶಿಫ್ಟಿನಲ್ಲಿ ವಿಐಪಿ ಸ್ಕೋರ್ ನೋಡುವುದು, ಹ್ಯಾಂಡೋವರ್ ಹೊತ್ತಿಗೆ ಬೇಡವಾದ ಕ್ಯಾನುಲಾ ತೆಗೆಯುವುದು. ಮುಂದಿನ ಎರಡು ತಿಂಗಳಲ್ಲಿ 124ರಲ್ಲಿ 16ಕ್ಕೆ ಇಳಿಯಿತು. ಸಮ್ಮೇಳನಕ್ಕೆ ಇಂಗ್ಲಿಷಿನಲ್ಲಿ 250 ಪದಗಳ ಅಬ್‌ಸ್ಟ್ರ್ಯಾಕ್ಟ್ ಕೇಳಿದ್ದಾರೆ. ನಾನು ಬರೆದದ್ದು 600 ದಾಟಿದೆ. ಹೈಪಾಥಿಸಿಸ್, ಸ್ಯಾಂಪ್ಲಿಂಗ್ ಎಲ್ಲ ಇರಲೇಬೇಕು ಎಂದು ಎಂ.ಎಸ್ಸಿ. ಮಾಡಿದ ಗೆಳತಿ ಹೇಳುತ್ತಾಳೆ. ಇನ್ನೊಂದು ವಿಷಯ: ಬದಲಾವಣೆ ಶುರುವಾದ ಮೂರನೇ ವಾರದಲ್ಲಿ ಪಾರದರ್ಶಕ ಡ್ರೆಸ್ಸಿಂಗ್ ಸರಬರಾಜು ಬಂತು. ಅದು ನಮ್ಮ ಯೋಜನೆಯದ್ದಲ್ಲ, ಬಿಟ್ಟುಬಿಡಬಹುದಲ್ಲವೇ?

ಉತ್ತರ: ಪ್ರೀತಿಯ ಸಿಸ್ಟರ್, ನೀವು ಕೊನೆಗೆ ಕೇಳಿದ್ದಕ್ಕೇ ಮೊದಲು ಉತ್ತರ ಹೇಳುತ್ತೇನೆ. ಡ್ರೆಸ್ಸಿಂಗ್ ವಿಷಯ ಬಿಡಬೇಡಿ. ಪಾರದರ್ಶಕ ಡ್ರೆಸ್ಸಿಂಗ್ ಇದ್ದರೆ ಸೂಜಿಯ ಜಾಗ ಬಿಚ್ಚದೆಯೇ ಕಾಣುತ್ತದೆ, ಹಾಗಾಗಿ ತೊಂದರೆ ಬೇಗ ಕಣ್ಣಿಗೆ ಬೀಳಬಹುದು. ಫ್ಲೆಬೈಟಿಸ್ ಇಳಿದದ್ದು ನಿಮ್ಮ ಚೀಟಿಯಿಂದಲೋ, ಸ್ಕೋರಿನಿಂದಲೋ, ಆ ಡ್ರೆಸ್ಸಿಂಗಿನಿಂದಲೋ ಎಂದು ಈಗ ಯಾರೂ ಬಿಡಿಸಿ ಹೇಳಲಾರರು. ಅದನ್ನು ನೀವೇ ಹೇಳಿದರೆ ಓದುವವರು ನಿಮ್ಮ ಉಳಿದ ಅಂಕಿಗಳನ್ನೂ ನಂಬುತ್ತಾರೆ. ಮುಚ್ಚಿಟ್ಟರೆ, ವೇದಿಕೆಯಲ್ಲಿ ಯಾರಾದರೂ “ಆ ಸಮಯದಲ್ಲಿ ಬೇರೇನಾದರೂ ಬದಲಾಗಿತ್ತೇ” ಎಂದು ಕೇಳಿದಾಗ ನಿಮಗೇ ಕಷ್ಟ. ಇದಕ್ಕೆ ಬೇಕಾಗುವುದು ಒಂದೇ ವಾಕ್ಯ, ಹೆಚ್ಚೆಂದರೆ ಹದಿನೈದು ಪದ. ರಿಜಿಸ್ಟರ್ ತೆಗೆದು ಡ್ರೆಸ್ಸಿಂಗ್ ಬರುವ ಮುಂಚಿನ ಆ ಎರಡು ವಾರಗಳ ಲೆಕ್ಕವನ್ನು ಬೇರೆಯಾಗಿ ನೋಡಿ. ಆಗಲೇ ಇಳಿಕೆ ಕಾಣುತ್ತಿದ್ದರೆ ಅದನ್ನೂ ಸೇರಿಸಿ. ಎರಡು ವಾರದ ಸಂಖ್ಯೆ ತೀರ ಚಿಕ್ಕದು, ಆದ್ದರಿಂದ ಅದರ ಮೇಲೆ ಯಾವ ತೀರ್ಮಾನವನ್ನೂ ಕಟ್ಟಬೇಡಿ.

ಹಾಗಾದರೆ ಕತ್ತರಿಸುವುದು ಎಲ್ಲಿ? ನೀವು ಕಳಿಸಿದ ಪ್ರತಿಯ ಮೊದಲ ಅರ್ಧ ಪುಟ ಕ್ಯಾನುಲಾ ಎಂದರೇನು, ಫ್ಲೆಬೈಟಿಸ್ ಎಂದರೇನು, ಜಗತ್ತಿನಲ್ಲಿ ಅದೆಷ್ಟು ಸಾಮಾನ್ಯ ಎಂಬುದಕ್ಕೇ ಹೋಗಿದೆ. ಓದುವವರೆಲ್ಲ ನರ್ಸುಗಳು. ಅವರಿಗೆ ಬೇಕಾಗಿರುವುದು ನಿಮ್ಮ ವಾರ್ಡಿನ ಕಥೆ. “ನಮ್ಮ ಮೆಡಿಕಲ್ ವಾರ್ಡಿನಲ್ಲಿ ಕ್ಯಾನುಲಾ ಹಾಕಿದ ದಿನಾಂಕ ದಾಖಲಾಗುತ್ತಿರಲಿಲ್ಲ, ಜಾಗ ನೋಡುವುದಕ್ಕೆ ಒಂದು ಕ್ರಮವಿರಲಿಲ್ಲ” ಎನ್ನುವ ಒಂದು ವಾಕ್ಯ, ಉದ್ದೇಶ ಹೇಳುವ ಇನ್ನೊಂದು ವಾಕ್ಯ, ಇಷ್ಟು ಸಾಕು. ಎರಡೂ ಸೇರಿ 50 ಪದ ದಾಟದಿರಲಿ.

ಗೆಳತಿಯ ಸಲಹೆ ಪ್ರಬಂಧಕ್ಕೆ ಸರಿ, ಇಲ್ಲಿಗೆ ಹೊಂದುವುದಿಲ್ಲ. ನೀವು ಮಾಡಿದ್ದು ಗುಣಮಟ್ಟ ಸುಧಾರಣೆಯ ಕೆಲಸ. ಇಂಥ ಕೆಲಸವನ್ನು ವರದಿ ಮಾಡುವುದಕ್ಕೆಂದೇ ಸ್ಕ್ವಯರ್ ಎಂಬ ಮಾರ್ಗಸೂಚಿ ಇದೆ. ಅದರ ಎರಡನೇ ಆವೃತ್ತಿ 2015ರಲ್ಲಿ ಬಂತು. ತೊಂದರೆ ಏನಿತ್ತು, ಯಾವ ಪರಿಸರದಲ್ಲಿ ಏನು ಬದಲಾಯಿಸಿದಿರಿ, ಅಳೆದದ್ದು ಹೇಗೆ, ಏನಾಯಿತು ಎಂಬುದನ್ನು ಅದು ಕೇಳುತ್ತದೆ. ವಾರ್ಡಿನಲ್ಲಿ ಆ ಅವಧಿಯಲ್ಲಿ ಹಾಕಿದ ಎಲ್ಲ ಕ್ಯಾನುಲಾಗಳನ್ನೂ ನೀವು ಎಣಿಸಿದ್ದರೆ ಹಾಗೆಯೇ ಹೇಳಿ. ಅದಕ್ಕೆ “ಪರ್ಪಸಿವ್ ಸ್ಯಾಂಪ್ಲಿಂಗ್” ಎಂಬ ಹೆಸರು ಕೊಡಬೇಡಿ. “ಆಯ್ದ ಆಸ್ಪತ್ರೆಯಲ್ಲಿ ಪರಿಣಾಮಕಾರಿತ್ವವನ್ನು ಅಂದಾಜಿಸುವ ಅಧ್ಯಯನ” ಎಂಬ ನಿಮ್ಮ ಉದ್ದನೆಯ ಶೀರ್ಷಿಕೆಯೂ ಕಾಲೇಜಿನಿಂದ ಬಂದದ್ದು. “ಮೆಡಿಕಲ್ ವಾರ್ಡಿನಲ್ಲಿ ಕ್ಯಾನುಲಾ ಫ್ಲೆಬೈಟಿಸ್ ತಗ್ಗಿಸುವುದು: ಒಂದು ಗುಣಮಟ್ಟ ಸುಧಾರಣಾ ಯೋಜನೆ” ಎಂದರೆ ಓದುವವರಿಗೆ ಎಲ್ಲ ತಿಳಿಯುತ್ತದೆ.

ಬರೆಯಲು ಕೂರುವಾಗ ಫಲಿತಾಂಶದಿಂದಲೇ ಶುರು ಮಾಡಿ, ಅದು ಕೂತ ಮೇಲೆ ಉಳಿದದ್ದಕ್ಕೆ ಎಷ್ಟು ಜಾಗವಿದೆ ಎಂದು ತಾನಾಗಿಯೇ ತಿಳಿಯುತ್ತದೆ. ನಿಮ್ಮ ಪ್ರತಿಯಲ್ಲಿ “ಫ್ಲೆಬೈಟಿಸ್ ಪ್ರಮಾಣದಲ್ಲಿ ಶೇ. 50ರಷ್ಟು ಗಣನೀಯ ಇಳಿಕೆ” ಎಂದಿದೆ. ಲೆಕ್ಕ ತಪ್ಪಲ್ಲ. ಆದರೆ ಎಷ್ಟರಿಂದ ಎಷ್ಟಕ್ಕೆ ಎಂಬುದು ಅದರಲ್ಲಿ ಮರೆಯಾಗಿದೆ. ನಾಲ್ಕು ಎರಡಾದರೂ ಶೇ. 50, ನಾನೂರು ಇನ್ನೂರಾದರೂ ಶೇ. 50. ಅದರ ಬದಲು ಹೀಗೆ ಬರೆಯಿರಿ: “ಬದಲಾವಣೆಗೆ ಮೊದಲು 120 ಕ್ಯಾನುಲಾಗಳಲ್ಲಿ 31ಕ್ಕೆ (ಶೇ. 25.8), ನಂತರ 124ರಲ್ಲಿ 16ಕ್ಕೆ (ಶೇ. 12.9) ಫ್ಲೆಬೈಟಿಸ್ ಆಯಿತು.” ಇಂಗ್ಲಿಷಿನಲ್ಲಿ ಇದು ಇಪ್ಪತ್ತು ಪದಗಳೊಳಗೆ ಮುಗಿಯುತ್ತದೆ. ಮೊದಲಿನದು ಎಷ್ಟು, ನಂತರದ್ದು ಎಷ್ಟು, ನಿಮ್ಮ ಅಧ್ಯಯನ ಎಷ್ಟು ಚಿಕ್ಕದು, ಎಲ್ಲವೂ ಅದರಲ್ಲಿದೆ. ಪಿ ಮೌಲ್ಯ ಕೊಡಬಹುದು, ಅಡ್ಡಿಯಿಲ್ಲ. ಅಂತರ ಕೇವಲ ಆಕಸ್ಮಿಕವೇ ಎಂಬುದಕ್ಕೆ ಮಾತ್ರ ಅದರಲ್ಲಿ ಸುಳಿವಿರುತ್ತದೆ, ಕಾರಣ ಯಾವುದು ಎಂಬುದಕ್ಕಲ್ಲ.

ಫಲಿತಾಂಶದ ಈ ವಾಕ್ಯ ನಿಲ್ಲಬೇಕಾದರೆ ವಿಧಾನದ ಭಾಗದಲ್ಲಿ ಎರಡು ವಿವರ ಸ್ಪಷ್ಟವಾಗಿರಬೇಕು. ನಿಮ್ಮ ಪ್ರತಿಯಲ್ಲಿ ಎರಡೂ ಇಲ್ಲ. ಒಂದು, ಫ್ಲೆಬೈಟಿಸ್ ಎಂದು ಯಾವುದನ್ನು ಎಣಿಸಿದಿರಿ? ವಿಐಪಿ ಸ್ಕೋರ್ ಸೊನ್ನೆಯಿಂದ ಐದರವರೆಗೆ ಹೋಗುತ್ತದೆ. ನೋವು, ಕೆಂಪು, ಊತ ಈ ಮೂರರಲ್ಲಿ ಎರಡು ಕಂಡರೆ ಸ್ಕೋರ್ 2, ಅಂದರೆ ಫ್ಲೆಬೈಟಿಸ್ ಶುರುವಾಗಿದೆ, ಕ್ಯಾನುಲಾ ಬೇರೆ ಕಡೆ ಹಾಕಬೇಕು. “ಸ್ಕೋರ್ 2 ಅಥವಾ ಹೆಚ್ಚು” ಎಂದು ನಾಲ್ಕೈದು ಪದದಲ್ಲಿ ಹೇಳಿ. ಇಲ್ಲಿ ನನಗೊಂದು ಆತಂಕವಿದೆ. ಮೊದಲ ಎರಡು ತಿಂಗಳು ಸ್ಕೋರ್ ಶೀಟ್ ಇನ್ನೂ ಬಳಕೆಗೆ ಬಂದಿರಲಿಲ್ಲ ಎಂದು ನಿಮ್ಮ ಪತ್ರದಿಂದ ಊಹಿಸುತ್ತೇನೆ. ಆಗ ರಿಜಿಸ್ಟರಿನಲ್ಲಿ ಬರೆದದ್ದು ಸಿಸ್ಟರುಗಳ ಅಂದಾಜೋ, ಸ್ಕೋರೋ? ಎರಡು ಅವಧಿಗೆ ಎರಡು ಅಳತೆಗೋಲು ಬಳಸಿದ್ದರೆ ಹೋಲಿಕೆಯ ಬುಡವೇ ಸಡಿಲ. ಹಾಗಿದ್ದರೆ ಅದನ್ನು ಡ್ರೆಸ್ಸಿಂಗ್ ವಾಕ್ಯದ ಪಕ್ಕದಲ್ಲೇ ಒಪ್ಪಿಕೊಳ್ಳಬೇಕು.

ಇನ್ನೊಂದು, ನೀವು ಎಣಿಸಿದ್ದು ಕ್ಯಾನುಲಾಗಳನ್ನು, ರೋಗಿಗಳನ್ನಲ್ಲ. ಒಬ್ಬರಿಗೇ ಮೂರು ಸಲ ಹಾಕಿರಬಹುದು. ನಿಮ್ಮ ಕರಡಿನಲ್ಲಿ ಒಂದು ಕಡೆ “120 ರೋಗಿಗಳು”, ಇನ್ನೊಂದು ಕಡೆ “120 ಕ್ಯಾನುಲಾಗಳು” ಎಂದಿದೆ. ನೋಡುವವರ ಕಣ್ಣಿಗೆ ಮೊದಲು ಬೀಳುವುದೇ ಇದು. ಐಸಿಯುಗೆ ಹೋದ, ಕ್ಯಾನುಲಾ ಇರುವಾಗಲೇ ಬೇರೆ ಆಸ್ಪತ್ರೆಗೆ ರೆಫರ್ ಆದ ರೋಗಿಗಳ ಕ್ಯಾನುಲಾ ಈ ಲೆಕ್ಕದಲ್ಲಿದೆಯೋ ಇಲ್ಲವೋ, ಅದನ್ನೂ ತೀರ್ಮಾನಿಸಿಕೊಳ್ಳಿ.

ಕೊನೆಯ ಭಾಗದಲ್ಲಿ “ಪರಿಣಾಮಕಾರಿ ಎಂದು ಸಾಬೀತಾಗಿದೆ” ಎಂದು ಬರೆದಿದ್ದೀರಿ. ಮೊದಲು-ನಂತರದ ಒಂದೇ ವಾರ್ಡಿನ ಲೆಕ್ಕ ಅಷ್ಟು ಭಾರ ಹೊರುವುದಿಲ್ಲ. “ಈ ಮೂರು ಬದಲಾವಣೆಗಳ ನಂತರ ಫ್ಲೆಬೈಟಿಸ್ ಕಡಿಮೆ ಕಂಡಿತು, ಅದೇ ಅವಧಿಯಲ್ಲಿ ಹೊಸ ಡ್ರೆಸ್ಸಿಂಗ್ ಬಂದದ್ದರಿಂದ ಅದರ ಪಾಲನ್ನು ಬೇರ್ಪಡಿಸಲಾಗದು” ಎಂದರೆ ನಿಮ್ಮ ಕೆಲಸಕ್ಕೆ ಏನೂ ಕಮ್ಮಿಯಾಗುವುದಿಲ್ಲ. ಚೀಟಿ ಅಂಟಿಸುವ ರೂಢಿ ಈಗಲೂ ನಡೆಯುತ್ತಿದ್ದರೆ ಅದನ್ನು ಖಂಡಿತ ಸೇರಿಸಿ, ಬೇರೆ ಆಸ್ಪತ್ರೆಯವರು ತಿಳಿಯಬಯಸುವುದು ಅದನ್ನೇ.

ಅನುಮತಿಯ ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯ ಪ್ರಕಾರ, ರೋಗಿಯ ಗುರುತು ಸಿಗದಂಥ ಆಸ್ಪತ್ರೆಯೊಳಗಿನ ಗುಣಮಟ್ಟ ಆಡಿಟ್‌ಗಳಿಗೆ ಪರಿಶೀಲನೆಯಿಂದ ವಿನಾಯಿತಿ ಸಿಗಬಹುದು. ಆದರೆ ವಿನಾಯಿತಿ ಇದೆ ಎಂದು ತೀರ್ಮಾನಿಸುವುದು ನೈತಿಕ ಸಮಿತಿ, ನಾವಲ್ಲ. ಸಮಿತಿಯ ಪತ್ರ ನಿಮ್ಮಲ್ಲಿ ಇಲ್ಲದಿದ್ದರೆ ಮೆಡಿಕಲ್ ಸೂಪರಿಂಟೆಂಡೆಂಟ್ ಅವರನ್ನು ಈ ವಾರವೇ ಭೇಟಿಯಾಗಿ.

ಪದ ಎಣಿಸುವಾಗ ಸಮ್ಮೇಳನದ ಸೂಚನೆಯನ್ನು ಮತ್ತೊಮ್ಮೆ ಓದಿ. ಶೀರ್ಷಿಕೆ, ಉಪಶೀರ್ಷಿಕೆಗಳು ಲೆಕ್ಕಕ್ಕೆ ಸೇರುತ್ತವೋ ಇಲ್ಲವೋ, ಮಿತಿ ಪದಗಳದ್ದೋ ಅಕ್ಷರಗಳದ್ದೋ ಎಂಬುದು ಒಂದೊಂದು ಕಡೆ ಒಂದೊಂದು ಥರ. ಆಸ್ಪತ್ರೆಯ ಹೆಸರು ಒಳಗೆ ಬರಬಾರದು ಎನ್ನುವವರೂ ಇದ್ದಾರೆ. ಕಳಿಸುವ ಮುನ್ನ ಬೇರೆ ವಾರ್ಡಿನ ಒಬ್ಬ ಸಿಸ್ಟರ್ ಕೈಗೆ ಕೊಟ್ಟು, ಏನು ಮಾಡಿದಿರಿ, ಏನಾಯಿತು ಎಂದು ಓದಿದ ಮೇಲೆ ಹೇಳಿಸಿ. ಅವರು ತಡವರಿಸಿದ ಜಾಗವನ್ನು ಗುರುತು ಮಾಡಿಕೊಂಡು ಅಲ್ಲಿಂದಲೇ ತಿದ್ದುಪಡಿ ಶುರು ಮಾಡಿ.