ನವೆಂಬರ್ ಒಂದರ ಸಭೆ ಎಷ್ಟು ಗಂಟೆಗೆ?

ಮೂರ್ನಾಡಿನಲ್ಲಿ ಭಾನುವಾರ ಸಂಜೆ ಏಳೂವರೆಗೆ ನಿಮ್ಮ ಒಕ್ಕದವರು ವಿಡಿಯೋ ಕರೆಯಲ್ಲಿ ಸೇರುತ್ತಾರೆ ಎನ್ನಿ. ಆಗ ನ್ಯೂಜೆರ್ಸಿಯ ಮಗಳಿಗೆ ಬೆಳಿಗ್ಗೆ ಹತ್ತು, ಲಂಡನ್ನಿನ ಅಳಿಯನಿಗೆ ಮಧ್ಯಾಹ್ನ ಮೂರು. 2026ರ ಅಕ್ಟೋಬರ್ 25ರಂದು ಬ್ರಿಟನ್ನಿನಲ್ಲೂ, ನವೆಂಬರ್ 1ರಂದು ಅಮೆರಿಕದಲ್ಲೂ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಮ್ಮ ಗಡಿಯಾರಕ್ಕೆ ಆ ಗೋಜಿಲ್ಲ.

ಸಭೆ ಯಾರ ಗಡಿಯಾರದಂತೆ ನಡೆಯಬೇಕೆಂದು ಮೊದಲು ತೀರ್ಮಾನಿಸಿ. ಮೂರ್ನಾಡಿನ ಏಳೂವರೆಯೇ ಇರಲಿ ಎಂದರೆ ಮಗಳು ಒಂಬತ್ತಕ್ಕೇ ಕೂರಬೇಕು. ಅವಳ ಹತ್ತು ಗಂಟೆ ಉಳಿಯಬೇಕೆಂದರೆ ಇಲ್ಲಿ ರಾತ್ರಿ ಎಂಟೂವರೆ; ಬೇಗ ಮಲಗುವ ಅಜ್ಜಿಯನ್ನು ಕೇಳಿಯೇ ಒಪ್ಪಿಕೊಳ್ಳಿ. ಎಡವಟ್ಟಾಗುವುದು ಲಂಡನ್ನಿನವರಿಗೆ: ಮಗಳ ಗಂಟೆಗೆ ಅಂಟಿಕೊಂಡರೆ ಅಳಿಯನಿಗೆ 25ರಂದು ಮಾತ್ರ ಎರಡಕ್ಕೆ ಸಭೆ, ಮುಂದಿನ ವಾರ ಮತ್ತೆ ಮೂರಕ್ಕೆ.

‘ಸಭೆ ಒಂದು ಗಂಟೆ ಮುಂದಕ್ಕೆ’ ಎಂದಷ್ಟೇ ತಿಳಿಸಬೇಡಿ. ಅದನ್ನು ಒಬ್ಬರು ಬೇಗ ಎಂದುಕೊಂಡರೆ ಇನ್ನೊಬ್ಬರು ತಡವಾಗಿ ಎಂದುಕೊಳ್ಳುತ್ತಾರೆ. ಹೀಗೆ ಬರೆಯಿರಿ: ‘ನವೆಂಬರ್ 1, ಭಾನುವಾರದಿಂದ: ಮೂರ್ನಾಡು ರಾತ್ರಿ 8.30, ಲಂಡನ್ ಮಧ್ಯಾಹ್ನ 3, ನ್ಯೂಜೆರ್ಸಿ ಬೆಳಿಗ್ಗೆ 10.’ ಅಮೆರಿಕದಲ್ಲಿ ಗಡಿಯಾರ ತಿರುಗುವುದು ನಸುಕಿನ ಎರಡಕ್ಕೆ; ಆದ್ದರಿಂದ ಅದೇ ದಿನದ ಸಭೆಗೂ ಹೊಸ ವೇಳೆಯೇ. ಇದನ್ನು ಒಂದು ವಾರ ಮೊದಲು ಒಮ್ಮೆ, ಹಿಂದಿನ ದಿನ ಇನ್ನೊಮ್ಮೆ ಕಳಿಸಿ. ಮಾರ್ಚ್‌ನಲ್ಲಿ ಗಡಿಯಾರಗಳು ಮುಂದಕ್ಕೆ ಹೋಗುವಾಗ ಅಮೆರಿಕ ಬ್ರಿಟನ್ನಿಗಿಂತ ಎರಡು-ಮೂರು ವಾರ ಮೊದಲೇ ಬದಲಾಗುತ್ತದೆ. ಆಗ ಲೆಕ್ಕ ಹೊಸದಾಗಿ ಹಾಕಿ.